ಲೆಕ್ಕಪತ್ರ ವಿಭಾಗದಿಂದ ಬೀಳ್ಕೊಳ್ಳುವ ಮುನ್ನ

ಆತ್ಮೀಯ ಸಹೋದ್ಯೋಗಿಗಳೇ,

ಇದೇ ಶುಕ್ರವಾರ ಈ ಸಂಸ್ಥೆಯಲ್ಲಿ ನನ್ನ ಕೊನೆಯ ಕೆಲಸದ ದಿನ. ಮುಂದಿನ ತಿಂಗಳಿನಿಂದ ನಾನು ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಬೋಧಿಸಲಿದ್ದೇನೆ. ವಿದ್ಯಾರ್ಥಿಗಳ ಮುಂದೆ ನಿಂತು ವಿಷಯವನ್ನು ವಿವರಿಸಬಲ್ಲೆ ಎಂಬ ಧೈರ್ಯ ನನಗೆ ಬಂದಿರುವುದು ಪದವಿಯಿಂದಲ್ಲ, ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಬಿಡುವು ಮಾಡಿಕೊಂಡು ಉತ್ತರ ಹೇಳಿದ ನಿಮ್ಮಿಂದ. ಹೊರಡುವ ಮೊದಲು ಅದನ್ನು ನಿಮ್ಮೆಲ್ಲರಿಗೂ ತಿಳಿಸಿ ಕೃತಜ್ಞತೆ ಹೇಳಬೇಕೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಖರೀದಿ ಆದೇಶ, ಸರಕು ಸ್ವೀಕೃತಿ ಚೀಟಿ ಮತ್ತು ಮಾರಾಟಗಾರರ ಬಿಲ್ಲು ಈ ಮೂರೂ ಒಂದಕ್ಕೊಂದು ತಾಳೆಯಾದ ಮೇಲೆಯೇ ಹಣ ಪಾವತಿಸಬೇಕು ಎಂಬುದನ್ನು ನಾನು ಪಠ್ಯಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದೆ. ಆದರೆ ಆ ನಿಯಮದ ಹಿಂದೆ ಎಷ್ಟು ಜನರ ಶ್ರಮವಿದೆ ಎಂಬುದು ಅರ್ಥವಾದದ್ದು ಉಗ್ರಾಣದ ಹಿರಿಯರು ನನ್ನನ್ನು ಜೊತೆಯಲ್ಲಿ ಕರೆದೊಯ್ದು, ಬಂದಿಳಿದ ಸರಕನ್ನು ತೂಗುವುದು, ಎಣಿಸುವುದು, ಗುಣಮಟ್ಟ ಪರೀಕ್ಷೆಗೆಂದು ಬದಿಗಿರಿಸುವುದು, ಅದಾದ ಮೇಲೆ ಚೀಟಿಗೆ ಸಹಿ ಹಾಕುವುದು ಇವೆಲ್ಲವನ್ನೂ ಹಂತ ಹಂತವಾಗಿ ತೋರಿಸಿಕೊಟ್ಟಾಗ. ಅಂದಿನಿಂದ ಸ್ವೀಕೃತಿ ಚೀಟಿಯಲ್ಲಿ ಒಂದು ಅಂಕಿ ಕಂಡರೆ, ಅದನ್ನು ಬರೆದ ಕೈ ಯಾರದೆಂದು ನನಗೆ ಗೊತ್ತಿರುತ್ತಿತ್ತು. ವರ್ಷಾಂತ್ಯದ ದಾಸ್ತಾನು ಎಣಿಕೆ ನನಗೆ ಅತ್ಯಂತ ಪ್ರಿಯವಾದ ಕೆಲಸವಾದದ್ದಕ್ಕೂ ಇವರೇ ಕಾರಣ. ಲೆಕ್ಕಪತ್ರದವರು ಇಷ್ಟೊಂದು ಉತ್ಸಾಹದಿಂದ ಕಪಾಟುಗಳ ನಡುವೆ ಓಡಾಡುವುದು ಅಪರೂಪವೆಂದು ಅವರು ನಗುತ್ತಿದ್ದರು. ಅದನ್ನು ನಾನು ಪ್ರಶಂಸೆಯೆಂದೇ ಸ್ವೀಕರಿಸಿದ್ದೇನೆ.

ಉತ್ಪಾದನಾ ವಿಭಾಗದ ಮೇಲ್ವಿಚಾರಕರಿಗೂ ನಾನು ಋಣಿ. ಯಂತ್ರವನ್ನು ಒಂದು ಬಗೆಯ ತಯಾರಿಕೆಯಿಂದ ಇನ್ನೊಂದಕ್ಕೆ ಹೊಂದಿಸಲು ಹಿಡಿಯುವ ಸಮಯವೂ ವೆಚ್ಚವೇ ಎಂಬುದನ್ನು, ಸಣ್ಣ ಪ್ರಮಾಣದ ತಯಾರಿಕೆಯಲ್ಲಿ ಆ ವೆಚ್ಚ ಕೆಲವೇ ವಸ್ತುಗಳ ಮೇಲೆ ಹಂಚಿಕೆಯಾಗುವುದರಿಂದ ತಲಾ ವೆಚ್ಚ ಏರುತ್ತದೆ ಎಂಬುದನ್ನು ಅವರು ಯಂತ್ರದ ಪಕ್ಕದಲ್ಲೇ ನಿಂತು ವಿವರಿಸಿದರು. ತರಗತಿಯಲ್ಲಿ ವೆಚ್ಚ ಲೆಕ್ಕದ ಪಾಠವನ್ನು ನಾನು ಆರಂಭಿಸುವುದು ಈ ಉದಾಹರಣೆಯಿಂದಲೇ.

ನನ್ನ ವಿಭಾಗದ ಗೆಳೆಯರ ಬಗ್ಗೆ ಬರೆಯಹೊರಟರೆ ಈ ಪತ್ರ ಮುಗಿಯಲಾರದು. ತಿಂಗಳ ಕೊನೆಯಲ್ಲಿ ಬ್ಯಾಂಕಿನ ಲೆಕ್ಕವನ್ನೂ ನಮ್ಮ ಪುಸ್ತಕವನ್ನೂ ಹೋಲಿಸುವಾಗ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತಿದ್ದರೆ ಅಂಕಿಗಳು ಹಿಂದುಮುಂದಾಗಿರಬಹುದು, 54 ಎಂಬುದು 45 ಆಗಿರಬಹುದು ಎಂದು ಹೇಳಿಕೊಟ್ಟವರು ನೀವು. ತಾಳೆಪಟ್ಟಿಯ ಎರಡೂ ಬದಿಯ ಮೊತ್ತ ಸಮವಾದ ಕ್ಷಣದಲ್ಲಿ ಕೋಣೆಯ ತುಂಬ ಹರಡುತ್ತಿದ್ದ ಸಂತಸ, ಈ ಕೆಲಸ ಮಾಡದವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡೀತು. ಲೆಕ್ಕಪರಿಶೋಧಕರು ಕೇಳಿದ ದಾಖಲೆಯನ್ನು ಹುಡುಕಿ ಕೊಡುವುದಷ್ಟೇ ಅಲ್ಲ, ಅವರು ಆ ದಾಖಲೆಯನ್ನು ಯಾಕೆ ಕೇಳುತ್ತಿದ್ದಾರೆಂದು ಮೊದಲು ತಿಳಿದುಕೊಳ್ಳಬೇಕು ಎಂಬ ಅಭ್ಯಾಸವನ್ನು ನನ್ನಲ್ಲಿ ಬೆಳೆಸಿದ ನಮ್ಮ ವಿಭಾಗದ ಮುಖ್ಯಸ್ಥರಿಗೆ ವಿಶೇಷ ವಂದನೆಗಳು. ಬೋಧನೆಯತ್ತ ನನ್ನ ಒಲವನ್ನು ಹೇಳಿಕೊಂಡಾಗ ಮೊದಲು ಪ್ರೋತ್ಸಾಹಿಸಿದವರೂ ಅವರೇ.

ಮಾನವ ಸಂಪನ್ಮೂಲ ವಿಭಾಗ, ಕಂಪ್ಯೂಟರ್ ನೆರವು ತಂಡ, ಮಾರಾಟ ಮತ್ತು ರವಾನೆ ವಿಭಾಗಗಳು, ಭದ್ರತಾ ಸಿಬ್ಬಂದಿ, ಕಚೇರಿಯನ್ನು ಅಚ್ಚುಕಟ್ಟಾಗಿ ಇರಿಸುವ ಸಿಬ್ಬಂದಿ, ಎಲ್ಲರಿಗೂ ನನ್ನ ಹೃತ್ಪೂರ್ವಕ ಧನ್ಯವಾದಗಳು. ನಾನು ಬಂದ ಹೊಸತರಲ್ಲಿ ದಾರಿ ತೋರಿದ ಸೌಜನ್ಯವನ್ನೇ ಇಂದಿಗೂ ನಿಮ್ಮಲ್ಲಿ ಕಾಣುತ್ತಿದ್ದೇನೆ.

ಮಾರಾಟಗಾರರ ಪಾವತಿಯ ಕಡತಗಳನ್ನೂ ಬಾಕಿ ಬಿಲ್ಲುಗಳ ಪಟ್ಟಿಯನ್ನೂ ನನ್ನ ಜಾಗಕ್ಕೆ ಬರುತ್ತಿರುವ ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಪ್ರತಿ ತಿಂಗಳು ಮಾಡಬೇಕಾದ ಕೆಲಸಗಳ ಟಿಪ್ಪಣಿ ವಿಭಾಗದ ಹಂಚಿಕೆಯ ಕಡತಕೋಶದಲ್ಲಿದೆ. ನನಗೆ ತೋರಿದ ಪ್ರೀತಿಯನ್ನು ಅವರಿಗೂ ತೋರುವಿರೆಂದು ಬಲ್ಲೆ. ನನ್ನ ವೈಯಕ್ತಿಕ ದೂರವಾಣಿ ಸಂಖ್ಯೆ ವಿಭಾಗದ ಮುಖ್ಯಸ್ಥರ ಬಳಿ ಇರುತ್ತದೆ. ಯಾವುದಾದರೂ ಕಡತದ ಬಗ್ಗೆ ಕೇಳಬೇಕೆನಿಸಿದರೆ, ಅಥವಾ ಸುಮ್ಮನೆ ಮಾತನಾಡಬೇಕೆನಿಸಿದರೂ ದಯವಿಟ್ಟು ಕರೆ ಮಾಡಿ. ತರಗತಿ ಮುಗಿದ ಮೇಲೆ, ಸಂಜೆಯ ಹೊತ್ತು, ಖಂಡಿತ ಸಿಗುತ್ತೇನೆ.

ಗೌರವ ಮತ್ತು ಕೃತಜ್ಞತೆಗಳೊಂದಿಗೆ,
ಲೆಕ್ಕಪತ್ರ ವಿಭಾಗದ ನಿಮ್ಮ ಸಹೋದ್ಯೋಗಿ