ತರಗತಿ ಶಿಕ್ಷಕರ ಅಭಿಪ್ರಾಯ: ಸಿಂಚನಾ, 5ನೇ ತರಗತಿ, ಮೊದಲ ಸೆಮಿಸ್ಟರ್

ಮಾನ್ಯ ಪೋಷಕರೇ,

ಸಿಂಚನಾ ಈ ಸಲ ಎಲ್ಲ ವಿಷಯಗಳಲ್ಲೂ A+ ಪಡೆದಿದ್ದಾಳೆ. ಅಂಕಗಳು ಹಿಂದಿನ ಪುಟದಲ್ಲಿವೆ. ಅವು ಹೇಳದ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇರೆ ಮಕ್ಕಳು ಐದನೇ ಲೆಕ್ಕದಲ್ಲಿರುವಾಗ ಇವಳ ಹತ್ತೂ ಲೆಕ್ಕ ಮುಗಿದು ಪುಸ್ತಕ ಮುಚ್ಚಿರುತ್ತದೆ. ಆಮೇಲೆ ಪೆನ್ಸಿಲ್ ಕೆತ್ತುವುದು, ಕಿಟಕಿಯಾಚೆ ನೋಡುವುದು, ಪಕ್ಕದವಳಿಗೆ ಉತ್ತರ ಪಿಸುಗುಟ್ಟುವುದು. ಜೂನ್, ಜುಲೈನಲ್ಲಿ ಬೇಗ ಮುಗಿಸಿದಾಗಲೆಲ್ಲ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುತ್ತಿದ್ದೆ. ಕೆಲವೇ ದಿನಗಳಲ್ಲಿ ಅವಳು ಬೇಕೆಂದೇ ನಿಧಾನ ಮಾಡತೊಡಗಿದಳು. ಬೇಗ ಮುಗಿಸಿದ್ದಕ್ಕೆ ಅದು ಶಿಕ್ಷೆಯಂತೆ ಕಂಡಿರಬೇಕು. ತಪ್ಪು ನನ್ನದೇ.

ಆಗಸ್ಟ್‌ನಲ್ಲಿ ಬೇರೆ ದಾರಿ ಹಿಡಿದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಕಾಪ್ರೇಕರ್ ಅವರು ಕಂಡುಹಿಡಿದ 6174ರ ಆಟ ಹೇಳಿಕೊಟ್ಟೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯಬೇಕು. ಬಂದ ಉತ್ತರ ಮೂರಂಕಿಯದಾದರೆ ಮುಂದೊಂದು ಸೊನ್ನೆ ಸೇರಿಸಿಕೊಂಡು, ಅದಕ್ಕೂ ಹೀಗೇ ಮಾಡುತ್ತ ಹೋದರೆ ಏಳು ಸಲದೊಳಗೆ 6174 ಬರುತ್ತದೆ. ಎರಡು ದಿನ ಬಿಟ್ಟು ರಫ್ ನೋಟ್‌ಬುಕ್‌ನ ನಾಲ್ಕು ಪುಟ ತುಂಬಿಸಿಕೊಂಡು ಬಂದು, "ಟೀಚರ್, ಮೂರಂಕಿ ತಗೊಂಡ್ರೆ 495 ಬರುತ್ತೆ" ಅಂದಳು. ಹಾಗೆ ಮಾಡಿ ನೋಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ನಿಜವಾದ ಸಾಮರ್ಥ್ಯ ನನಗೆ ಕಂಡದ್ದು ಆ ದಿನ.

ತಿದ್ದಿಕೊಳ್ಳಬೇಕಾದದ್ದೂ ಇದೆ. ಮನಸ್ಸಿನಲ್ಲೇ ಲೆಕ್ಕ ಮಾಡಿ ಉತ್ತರವನ್ನಷ್ಟೇ ಬರೆಯುತ್ತಾಳೆ, ಹಂತಗಳನ್ನು ಬಿಡುತ್ತಾಳೆ. ಅವಸರದಲ್ಲಿ ಒಮ್ಮೆ ಲೀಟರ್ ಬದಲು ಮೀಟರ್ ಎಂದು ಬರೆದಿದ್ದಳು. ಕನ್ನಡ ಪ್ರಬಂಧ ಆರೇ ಸಾಲಿಗೆ ಮುಗಿಯುತ್ತದೆ, ತಪ್ಪಿಲ್ಲದ ಆರು ಸಾಲು. ತಕ್ಷಣ ಉತ್ತರ ಹೊಳೆಯದಿದ್ದರೆ ಮುಖ ಬಾಡುತ್ತದೆ. ಇಷ್ಟು ದಿನ ಯಾವುದೂ ಅವಳಿಗೆ ಕಷ್ಟವಾಗಿರಲಿಲ್ಲವಲ್ಲ, ಅಭ್ಯಾಸವಿಲ್ಲ.

ಎರಡನೇ ಸೆಮಿಸ್ಟರ್‌ನಲ್ಲಿ ಅಭ್ಯಾಸದ ಕೊನೆಯ, ಕಠಿಣವಾದ ಮೂರು ಲೆಕ್ಕಗಳನ್ನು ಹಂತಸಹಿತ ಸರಿಯಾಗಿ ಮಾಡಿದರೆ ಉಳಿದವನ್ನು ಬಿಡಬಹುದು ಎಂದು ಹೇಳಿದ್ದೇನೆ. ಉಳಿದ ಸಮಯಕ್ಕೆ ಶಾಲೆಯ ಧ್ವಜಸ್ತಂಭದ ಎತ್ತರವನ್ನು ನೆರಳಿನಿಂದ ಅಳೆದು, ಹೇಗೆ ಅಳೆದೆನೆಂದು ಎರಡು ಪುಟ ಬರೆಯುವ ಕೆಲಸವಿದೆ. ಬೇರೆ ಮಕ್ಕಳಿಗೆ ಹೇಳಿಕೊಡುವುದನ್ನೇ ಅವಳ ಕೆಲಸವಾಗಿ ಮಾಡುವುದಿಲ್ಲ. ಅವಳೂ ಕಲಿಯಲೆಂದೇ ಬರುತ್ತಾಳೆ.

ನವೋದಯ ಪರೀಕ್ಷೆಗೆ ಟ್ಯೂಷನ್ ಹಾಕಬೇಕೇ ಎಂದು ಕೇಳಿದ್ದಿರಿ. ಪರೀಕ್ಷೆ ಖಂಡಿತ ಬರೆಯಲಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾನೇ ಕೊಡುತ್ತೇನೆ, ಟ್ಯೂಷನ್ ಬೇಡವೆಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ "ಎಷ್ಟು ಬೇಗ ಮುಗಿಸಿದೆ" ಎನ್ನುವ ಬದಲು "ಹೇಗೆ ಮಾಡಿದೆ" ಎಂದು ಕೇಳಿ.

ದಸರಾ ರಜೆಯಲ್ಲಿ ಅದೇ ಆಟವನ್ನು ಐದಂಕಿಯ ಸಂಖ್ಯೆಗಳಿಗೆ ಆಡಿ ನೋಡಲು ಹೇಳಿ ಕಳಿಸಿದ್ದೇನೆ. ಏನಾಗುತ್ತದೆಂದು ಇಲ್ಲಿ ಬರೆಯುವುದಿಲ್ಲ, ಈ ಹಾಳೆಯನ್ನು ನಿಮಗಿಂತ ಮೊದಲು ಅವಳೇ ಓದಿರುತ್ತಾಳೆ.

ತರಗತಿ ಶಿಕ್ಷಕಿ