ಪ್ರಕಟಣೆ: ಹೊಸ ಓವರ್‌ಹೆಡ್ ಟ್ಯಾಂಕಿನ ಸಾಮರ್ಥ್ಯದ ಲೆಕ್ಕ

ಮಾನ್ಯ ನಿವಾಸಿಗಳೇ,

ನಮ್ಮ 48 ಮನೆಗಳಿಗೆ ತಲಾ ಐವರಂತೆ 240 ಜನರನ್ನೂ, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವನ್ನೂ ಹಿಡಿದರೆ ದಿನದ ಬೇಡಿಕೆ 32,400 ಲೀಟರ್ ಆಗುತ್ತದೆ. ಸಂಪಿನಿಂದ ಬೆಳಿಗ್ಗೆ, ಸಂಜೆ ಎರಡು ಸಲ ನೀರೆತ್ತುವುದರಿಂದ ಅರ್ಧ ದಿನದ 16,200 ಲೀಟರ್ ಸಾಕು. ಆದರೆ ಬೆಳಗಿನ ಬಳಕೆಯೇ ಹೆಚ್ಚಾದ್ದರಿಂದ, ಈಗಿನ 10,000 ಲೀಟರ್ ಟ್ಯಾಂಕು ಎಂಟು ಗಂಟೆಗೇ ಬರಿದಾಗಿ ಮೇಲ್ಮಹಡಿಯ ನಲ್ಲಿಗಳಲ್ಲಿ ಗಾಳಿಯಷ್ಟೇ ಬರುವುದನ್ನು ಕಂಡು, 18,000 ಲೀಟರ್ ನಿಗದಿಪಡಿಸಿದ್ದೇವೆ. ಟ್ಯಾಂಕಿನ ತಳ 4 ಮೀಟರ್ ಉದ್ದ, 3 ಮೀಟರ್ ಅಗಲವಿದ್ದು, ನೀರು 1.5 ಮೀಟರ್ ಎತ್ತರ ನಿಲ್ಲುತ್ತದೆ. ಇನ್ನೂ ದೊಡ್ಡದು ಬೇಕೆಂದವರ ಕಾಳಜಿ ನ್ಯಾಯವಾದದ್ದೇ. ಆದರೆ ನೀರೊಂದೇ 18 ಟನ್ ತೂಗುವುದರಿಂದ, ಕಂಬಗಳನ್ನು ಪರಿಶೀಲಿಸಿದ ಎಂಜಿನಿಯರರು ಹೆಚ್ಚಿನ ಭಾರಕ್ಕೆ ಒಪ್ಪಲಿಲ್ಲ.

ಕಾರ್ಯದರ್ಶಿ,
ನಿವಾಸಿಗಳ ಸಂಘ