ಅಪ್ಪನ ಕೆಲಸ ಹೋದಾಗ ಮನೆಮಂದಿಯೆಲ್ಲ ಕೂತು ಹೇಳುವ ಪ್ರಾರ್ಥನೆ

(ಸಂಜೆ ದೀಪ ಹಚ್ಚಿ ಭಜನೆ ಮುಗಿದ ಮೇಲೆ ದೇವರ ಕೋಣೆಯ ಎದುರು ಚಾಪೆ ಹಾಕಿ ಕೂತು ಹೇಳುವುದು. ಟಿವಿ ಬಂದ್, ಮೊಬೈಲ್‌ಗಳೆಲ್ಲ ಚಾವಡಿಯಲ್ಲಿ. ಸಣ್ಣವನಿಗೆ ಓದಲು ತಡವರಿಸಿದರೆ ಅಕ್ಕ ಹೇಳಿಕೊಡಲಿ. ನಡುವೆ ಯಾರಿಗಾದರೂ ಅಳು ಬಂದರೆ ಅಲ್ಲೇ ನಿಲ್ಲಿಸಿ, ಅವಸರ ಏನಿಲ್ಲ.)

ಎಲ್ಲರೂ:

ಮಧೂರಿನ ಗಣಪತಿ, ಮದನಂತೇಶ್ವರ, ನಮ್ಮ ಮನೆಯ ದೈವಗಳೇ, ನಾವು ಐದೂ ಜನ ನಿಮ್ಮ ಮುಂದೆ ಕೂತಿದ್ದೇವೆ.

ಈ ಮನೆಯಲ್ಲಿ ಸಂಬಳ ತರುತ್ತಿದ್ದ ಕೆಲಸ ಹೋಯಿತು. ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಅಂತ ಕರೆದು, ಇಡೀ ವಿಭಾಗವನ್ನೇ ಮುಚ್ಚುತ್ತಿದ್ದೇವೆ ಅಂತ ಹೇಳಿ, ಕೊರಳಲ್ಲಿದ್ದ ಐಡಿ ಕಾರ್ಡನ್ನು ಅಲ್ಲೇ ಬಿಚ್ಚಿಸಿಕೊಂಡು ಕಳಿಸಿದರು. ನಿನಗೆ ಗೊತ್ತಿಲ್ಲದ ಸಂಗತಿ ಅಲ್ಲ. ಆದರೂ ಬಾಯಿಬಿಟ್ಟು ಹೇಳುತ್ತಿದ್ದೇವೆ, ಯಾಕೆಂದರೆ ನಮ್ಮೊಳಗೇ ಇದನ್ನು ಇನ್ನೂ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.

ಮಳೆಗಾಲದಲ್ಲಿ ಮಧುವಾಹಿನಿ ಉಕ್ಕಿದರೆ ನಿನ್ನ ಅಂಗಳಕ್ಕೇ ನೀರು ನುಗ್ಗುತ್ತದೆ. ಭಟ್ಟರು ಆ ನೀರಲ್ಲೇ ನಡೆದು ಬಂದು ನಿನಗೆ ದೀಪ ಇಡುತ್ತಾರೆ. ಈಗ ನಮ್ಮ ಮನೆಗೆ ನೀರು ನುಗ್ಗಿದೆ, ಗಣಪತಿ. ಇಳಿಯುವ ತನಕ ನಮಗೂ ಹಾಗೆ ನಡೆಯುವ ಕಾಲು ಕೊಡು.

ಅಪ್ಪ:

ದೇವರೇ, ನನಗೆ ಸಿಟ್ಟಿದೆ. ಮೊದಲು ಅದನ್ನೇ ನಿನ್ನ ಮುಂದೆ ಇಡುತ್ತೇನೆ.

ಇಷ್ಟು ವರ್ಷ ಬೆಳಗ್ಗಿನ ರೈಲು ಹಿಡಿದು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ, ಸೀಟು ಸಿಕ್ಕಿದರೆ ಕೂತು, ಸಿಗದಿದ್ದರೆ ಬಾಗಿಲ ಹತ್ತಿರ ನಿಂತು ಮಂಗಳೂರಿಗೆ ಹೋಗಿ ಬಂದವನು ನಾನು. ಸೀಸನ್ ಟಿಕೆಟ್ ಇನ್ನೂ ಪರ್ಸಿನಲ್ಲಿದೆ, ಅವಧಿ ಮುಗಿದಿಲ್ಲ, ಹೋಗಬೇಕಾದ ಆಫೀಸು ಮಾತ್ರ ಇಲ್ಲ. ಸೋಮವಾರ ಅಭ್ಯಾಸಬಲದಿಂದ ಬೇಗ ಎದ್ದು ಸ್ನಾನ ಮಾಡಿ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಸುಮ್ನೆ ಕೂತೆ. ಇಸ್ತ್ರಿ ಮಾಡಿದ ಶರ್ಟು. ಅದನ್ನು ಬಿಚ್ಚುವಾಗ ಆದಷ್ಟು ಸಂಕಟ ಐಡಿ ಕಾರ್ಡು ಕೊಡುವಾಗಲೂ ಆಗಿರಲಿಲ್ಲ.

ನನ್ನ ಜೊತೆ ಕೆಲಸ ಕಳೆದುಕೊಂಡವರೆಲ್ಲರನ್ನೂ ನೋಡಿಕೋ. ಅವರಲ್ಲೊಬ್ಬ ಹೋದ ವರ್ಷವಷ್ಟೇ ಮದುವೆಯಾದವನು. ಆ ಮೀಟಿಂಗಿನಲ್ಲಿ ಕಾಗದ ಓದಿದ ಮೇಲಧಿಕಾರಿಗೂ ಕೆಟ್ಟದ್ದಾಗಲಿ ಅಂತ ಬೇಡುವುದಿಲ್ಲ. ಒಳ್ಳೆಯದಾಗಲಿ ಅಂತ ಬೇಡಲು ಇವತ್ತು ಮನಸ್ಸು ಬರುತ್ತಿಲ್ಲ, ಸ್ವಲ್ಪ ದಿನ ಬಿಡು.

ನನಗೆ ಕೆಲಸ ಕೊಡಿಸು. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಆದರೆ ಎಲ್ಲಕ್ಕಿಂತ ಒಳ್ಳೆಯದು. ಸಂಬಳ ಮೊದಲಿಗಿಂತ ಕಮ್ಮಿಯಾದರೂ ಮೂಗು ಮುರಿಯದೆ ಹೋಗುವ ಬುದ್ಧಿ ಕೊಡು. ಗಲ್ಫಿಗೇ ಹೋಗಬೇಕು ಅಂತಾದರೆ, ವೀಸಾ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರ ಬಾಯಿಗೆ ಬೀಳದಂತೆ ಕಾಪಾಡು.

ಮತ್ತೆ, ಊರಲ್ಲಿ ಯಾರಾದರೂ "ಏನು, ಇವತ್ತು ರಜೆಯಾ?" ಅಂತ ಕೇಳಿದರೆ, ಹೌದು ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳದೆ, ಕೆಲಸ ಹೋಯಿತು, ನಿಮಗೆ ಗೊತ್ತಿದ್ದ ಕಡೆ ಏನಾದರೂ ಇದ್ದರೆ ಹೇಳಿ ಅನ್ನುವ ಧೈರ್ಯ ಕೊಡು. ಇದೇ ನನಗೆ ಎಲ್ಲಕ್ಕಿಂತ ಕಷ್ಟ.

ಎಲ್ಲರೂ:

ಗಣಪತಿ, ಅಪ್ಪನಿಗೆ ನಾಚಿಕೆ ಬೇಡ. ನಮಗೂ ಬೇಡ.

ಅಮ್ಮ:

ನಾನು ಲೆಕ್ಕ ಹೇಳುತ್ತೇನೆ. ದೇವರ ಮುಂದೆ ಲೆಕ್ಕ ಯಾಕೆ ಅಂತ ಅತ್ತೆ ಕೇಳಬಹುದು, ಆದರೆ ರಾತ್ರಿ ನಿದ್ದೆ ಕೆಡಿಸುವುದು ಇದೇ ಅಲ್ವಾ.

ಸಹಕಾರಿ ಬ್ಯಾಂಕಿನಲ್ಲಿ ಮನೆ ಸಾಲದ ಕಂತು ಇದೆ. ಮಗಳ ಪ್ಲಸ್ ಟು ಮುಗಿಯುತ್ತಾ ಬಂತು, ಮುಂದಿನ ಓದಿಗೆ ಫೀಸು ಬೇಕು. ಅತ್ತೆಯ ಶುಗರಿನ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅಂಗಡಿಯಲ್ಲಿ ಹೋದ ತಿಂಗಳ ಸಾಮಾನಿನ ಬಾಕಿ ಇದೆ. ಬರಬೇಕಾದ ಪಿಎಫ್ ದುಡ್ಡು ತಡ ಮಾಡದೆ ಕೈಗೆ ಬರಲಿ. ತೋಟದ ಅಡಿಕೆಗೆ ಈ ಸಲ ಕೊಳೆರೋಗ ಜಾಸ್ತಿ ಬಾರದಿರಲಿ, ಮದ್ದು ಬಿಡುವ ಹೊತ್ತಿಗೆ ಎರಡು ದಿನ ಮಳೆ ಬಿಡಲಿ.

ಬಳೆ ಅಡವು ಇಡಬೇಕಾಗಿ ಬಂದರೆ ಇಡುತ್ತೇನೆ. ಅದನ್ನು ಆಮೇಲೆ ಜಗಳದಲ್ಲಿ ಎತ್ತಿ ಆಡದ ಹಾಗೆ ನನ್ನ ನಾಲಿಗೆಯನ್ನು ನೀನೇ ಹಿಡಿದುಕೋ. ಇವರು ಮನೆಯಲ್ಲೇ ಇರುತ್ತಾರೆ ಅಂತ ಸಣ್ಣ ಸಣ್ಣದಕ್ಕೆಲ್ಲ ಕಿರಿಕಿರಿ ಮಾಡದ ಹಾಗೂ ನೋಡಿಕೋ. ಹೊಲಿಗೆ ಮೆಷಿನ್ನು ಮತ್ತೆ ಹೊರಗೆ ತೆಗೆದಿದ್ದೇನೆ, ನಾಲ್ಕು ಬ್ಲೌಸಿನ ಕೆಲಸ ಬರಲಿ.

ಬರುವ ಸೋಮವಾರ ನಾವಿಬ್ಬರೂ ಬ್ಯಾಂಕಿಗೆ ಹೋಗಿ, ಕಂತು ತಪ್ಪುವ ಮೊದಲೇ ಮೆನೇಜರ ಹತ್ತಿರ ವಿಷಯ ಹೇಳುತ್ತೇವೆ. ಅವರು ಸಮಾಧಾನದಲ್ಲಿ ಕೇಳುವ ಹಾಗೆ ಮಾಡು.

ಮಕ್ಕಳು:

ಗಣಪತಿ, ಗೋಡೆಯಲ್ಲಿ ಒಬ್ಬ ಹುಡುಗ ಆಟಕ್ಕೆ ಬರೆದ ಚಿತ್ರದಿಂದ ನೀನು ಮೂಡಿದೆ ಅಂತ ಅಜ್ಜಿ ಕತೆ ಹೇಳಿದ್ದಾರೆ. ಹಾಗಾದರೆ ಮಕ್ಕಳ ಮಾತು ನಿನಗೆ ಮೊದಲು ಕೇಳಬೇಕು.

ಅಪ್ಪ ಅಮ್ಮ ಅಡುಗೆಮನೆಯಲ್ಲಿ ಮೆಲ್ಲ ಮಾತಾಡುವಾಗ ನಮಗೆ ಹೆದರಿಕೆಯಾಗುತ್ತದೆ. ಏನಿದ್ದರೂ ನಮಗೂ ಹೇಳಲಿ. ಶಾಲೆಯ ಟೂರಿಗೆ ಈ ಸಲ ಹೋಗದಿದ್ದರೂ ಆಗುತ್ತದೆ. (ತಮ್ಮ ಒಬ್ಬನೇ:) ಸೈಕಲ್ ಮುಂದಿನ ವರ್ಷ ಆದರೂ ಸಾಕು, ಆದರೆ ಮರೆಯಬಾರದು. (ಅಕ್ಕ ಒಬ್ಬಳೇ:) ಅಪ್ಪ ಕನ್ನಡ ಶಾಲೆಯಲ್ಲಿ ಓದಿದವರು, ಮಲಯಾಳದ ಅರ್ಜಿ ಬಂದರೆ ಒದ್ದಾಡುತ್ತಾರೆ. ನಾನು ಪಕ್ಕದಲ್ಲಿ ಕೂತು ಓದಿ ತುಂಬಿಸಿ ಕೊಡುತ್ತೇನೆ. ಆಗ ನನಗೆ ತಾಳ್ಮೆ ಕೊಡು.

ಅಪ್ಪ ಮನೆಯಲ್ಲಿರುವುದು ನಮಗೆ ಸ್ವಲ್ಪ ಖುಷಿಯೂ ಆಗಿದೆ. ಅದು ತಪ್ಪಾದರೆ ಕ್ಷಮಿಸು.

ಅಜ್ಜಿ:

ಸ್ವಾಮೀ, ಈ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿಯೂ ಇಲ್ಲದ ದಿನ ನಾನು ಕಂಡಿದ್ದೇನೆ. ಆಗಲೂ ನೀನಿದ್ದೆ. ನನ್ನ ಮಗ ರಾತ್ರಿ ಎದ್ದು ಅಂಗಳದಲ್ಲಿ ತಿರುಗುವುದು ನನಗೆ ಕೇಳುತ್ತದೆ. ಅವನಿಗೆ ನಿದ್ದೆ ಕೊಡು. ಅವನ ಮನಸ್ಸಿಗೆ ಬೇಡದ ಯೋಚನೆ ಬಂದರೆ ಒಳಗೆ ಇಟ್ಟುಕೊಳ್ಳದೆ ನನ್ನನ್ನೋ ಹೆಂಡತಿಯನ್ನೋ ಎಬ್ಬಿಸಲಿ, ಎಷ್ಟು ಹೊತ್ತಾದರೂ ಸರಿ. ಬೇಕಾದರೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗೋಣ.

ಎಲ್ಲರೂ:

2025ರಲ್ಲಿ ನಿನಗೆ ಮೂಡಪ್ಪ ಸೇವೆ ನಡೆದಾಗ ಎಷ್ಟು ಜನ ಬಂದು ಕೈಜೋಡಿಸಿದರು! ಅಷ್ಟು ದೊಡ್ಡದೇನೂ ನಮ್ಮ ಕೈಯಲ್ಲಾಗದು. ಕೆಲಸ ಸಿಕ್ಕಿದರೆ ಇಷ್ಟು ಕೊಡುತ್ತೇವೆ ಅಂತ ನಿನ್ನ ಜೊತೆ ಚೌಕಾಶಿಗೂ ಬಂದಿಲ್ಲ. ಸಿಕ್ಕಿದ ದಿನ ಎಲ್ಲರೂ ಬಂದು ಒಂದು ಅಪ್ಪದ ಸೇವೆ ಮಾಡಿಸುತ್ತೇವೆ. ಸಿಗುವ ಮೊದಲೂ ಬರುತ್ತೇವೆ, ಬರಿಗೈಯಲ್ಲಿ.

ನೆಂಟರ ಮನೆಯ ಮದುವೆಗೆ ಕರೆದರೆ ಮುಖ ತಪ್ಪಿಸದೆ ಹೋಗುವ ಹಾಗೆ ಮಾಡು. ಯಾರಾದರೂ ಅಕ್ಕಿಯೋ ತೆಂಗಿನಕಾಯಿಯೋ ತಂದುಕೊಟ್ಟರೆ ಬೇಡ ಅನ್ನದೆ ತೆಗೆದುಕೊಳ್ಳುವ ಹಾಗೆ ಮಾಡು. ನಮ್ಮ ಹಾಗೆಯೇ ಕೆಲಸ ಹೋಗಿ ಕೂತಿರುವ ಮನೆಗಳಲ್ಲಿ ಇವತ್ತು ಒಲೆ ಉರಿಯಲಿ.

ನಾಳೆ ಅಪ್ಪ ಮೂರು ಕಡೆ ಫೋನು ಮಾಡಬೇಕು. ಆ ಮೂರರಲ್ಲಿ ಒಂದಾದರೂ ಕಡೆ ಸರಿಯಾಗಿ ಮಾತಾಡುವವರು ಸಿಗಲಿ.

ಸಿದ್ಧಿವಿನಾಯಕಾ, ಕೈಬಿಡಬೇಡ. ಓಂ ಗಂ ಗಣಪತಯೇ ನಮಃ.

(ಕೊನೆಯ ಸಾಲನ್ನು ಮೂರು ಸಲ ಹೇಳುವುದು. ಆಮೇಲೆ ಮಕ್ಕಳು ಅಜ್ಜಿಗೆ, ಅಪ್ಪ ಅಮ್ಮನಿಗೆ ನಮಸ್ಕಾರ ಮಾಡಿ, ಎಲ್ಲರೂ ಒಟ್ಟಿಗೇ ಊಟಕ್ಕೆ ಕೂರುವುದು.)